ಹದಿಹರೆಯದ ಓಟಗಾರರಿಗೆ ಸ್ಪ್ರಿಂಟ್ ಮುಂಚಿನ ವಾರ್ಮ್ ಅಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ 12ರಿಂದ 17 ವಯಸ್ಸಿನ ಮಕ್ಕಳಿಗೆ ಸ್ಪ್ರಿಂಟ್ ಕಲಿಸುವ ಕೋಚ್‌ಗಳಿಗೆ, ದೈಹಿಕ ಶಿಕ್ಷಕರಿಗೆ, ಜೊತೆಗೆ ಮೈದಾನದ ಪಕ್ಕ ನಿಂತು ನೋಡುವ ಅಪ್ಪ ಅಮ್ಮಂದಿರಿಗೆ. ಮಕ್ಕಳೂ ಓದಬಹುದು.

ಎರಡು ಸುತ್ತು ಜಾಗಿಂಗ್ ಮಾಡಿಸಿದರೆ ಸಾಕಲ್ವಾ?

ಸಾಲದು. ಜಾಗಿಂಗ್ ಮೈ ಬಿಸಿ ಮಾಡುತ್ತದೆ, ಅಷ್ಟು ಕೆಲಸ ಅದು ಚೆನ್ನಾಗಿಯೇ ಮಾಡುತ್ತದೆ. ಸ್ಪ್ರಿಂಟ್ ಕೇಳುವುದು ಮಾತ್ರ ಬೇರೆಯದನ್ನೇ.

ಪೂರ್ತಿ ವೇಗದಲ್ಲಿ ಓಡುವಾಗ ಪಾದ ನೆಲದ ಮೇಲಿರುವುದು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ಆ ಒಂದೇ ಕಾಲು ಮೈತೂಕದ ಹಲವು ಪಟ್ಟು ಭಾರವನ್ನು ತಡೆದು ಮುಂದಕ್ಕೆ ತಳ್ಳಬೇಕು. ಇನ್ನೊಂದು ಕಾಲು ಗಾಳಿಯಲ್ಲಿ ಮುಂದಕ್ಕೆ ಬೀಸಿ ಬರುತ್ತಿರುತ್ತದೆ. ಅದು ನೆಲ ಮುಟ್ಟುವ ಸ್ವಲ್ಪ ಮುಂಚೆ ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಆ ಬೀಸಿಗೆ ಬ್ರೇಕ್ ಹಾಕುತ್ತದೆ. ಅದೂ ಉದ್ದಕ್ಕೆ ಎಳೆದುಕೊಂಡಿರುವ ಸ್ಥಿತಿಯಲ್ಲೇ. ಸ್ಪ್ರಿಂಟ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಹರಿಯುವುದು ಹೆಚ್ಚಾಗಿ ಈ ಗಳಿಗೆಯಲ್ಲಿ.

ಜಾಗಿಂಗ್‌ನಲ್ಲಿ ಮಂಡಿ ಅಷ್ಟು ಮೇಲೆ ಬರುವುದಿಲ್ಲ, ಕಾಲು ಅಷ್ಟು ಬೀಸುವುದೂ ಇಲ್ಲ. ಹಾಗಾಗಿ ಎರಡಲ್ಲ, ಹತ್ತು ಸುತ್ತು ಹಾಕಿಸಿದರೂ ಹ್ಯಾಮ್‌ಸ್ಟ್ರಿಂಗ್ ಆ ಕೆಲಸವನ್ನು ಒಂದು ಸಲವೂ ಮಾಡಿರುವುದಿಲ್ಲ. ಆಮೇಲೆ ನೇರವಾಗಿ "ಆನ್ ಯುವರ್ ಮಾರ್ಕ್ಸ್" ಅಂದರೆ ದಿನದ ಮೊದಲ ಬ್ರೇಕ್ ಪೂರ್ತಿ ವೇಗದಲ್ಲೇ ಬೀಳುತ್ತದೆ.

ಒಟ್ಟು ಎಷ್ಟು ಹೊತ್ತು ಬೇಕು?

20ರಿಂದ 25 ನಿಮಿಷ. ಸ್ನಾಯುವಿನ ಶಾಖ ಮೊದಲ ಕೆಲವು ನಿಮಿಷ ಬೇಗ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ. ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ 2-3 ಡಿಗ್ರಿ ಏರಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಬಿಸಿಯಾದ ಸ್ನಾಯು ಬೇಗ ಬಿಗಿಯುತ್ತದೆ, ಬೇಗ ಸಡಿಲವಾಗುತ್ತದೆ. ಸ್ಪ್ರಿಂಟ್‌ಗೆ ಬೇಕಾಗಿರುವುದು ಇದೇ.

ನಿಮಿಷಕ್ಕಿಂತ ಮುಖ್ಯವಾದ ಮಾತು ಒಂದಿದೆ. ವಾರ್ಮ್ ಅಪ್‌ನ ಪ್ರತಿ ಹಂತವೂ ಹಿಂದಿನದಕ್ಕಿಂತ ಸ್ವಲ್ಪ ಸ್ಪ್ರಿಂಟ್‌ನ ಹತ್ತಿರ ಇರಬೇಕು. ಕೊನೆಯ ಹಂತಕ್ಕೂ ದಿನದ ಮೊದಲ ಸ್ಪ್ರಿಂಟ್‌ಗೂ ನಡುವೆ ಇರಬೇಕಾದ್ದು ಒಂದು ಸಣ್ಣ ಮೆಟ್ಟಿಲು ಮಾತ್ರ. ನಾನು ನೋಡಿರುವ ಹೆಚ್ಚಿನ ವಾರ್ಮ್ ಅಪ್‌ಗಳಲ್ಲಿ ಶುರು ಚೆನ್ನಾಗಿರುತ್ತದೆ, ಕೊನೆಯೇ ಇರುವುದಿಲ್ಲ. ಕೈ ತಿರುಗಿಸು, ಸೊಂಟ ತಿರುಗಿಸು, ಆಮೇಲೆ ನೇರ ರೇಸ್.

ದೊಡ್ಡವರ ವಾರ್ಮ್ ಅಪ್ ಅನ್ನೇ ಮಕ್ಕಳಿಗೂ ಮಾಡಿಸಿದರೆ ಏನು ತೊಂದರೆ?

ಚೌಕಟ್ಟು ಅದೇ ಇರಲಿ. ನೋಡಬೇಕಾದ ಜಾಗಗಳು ಬೇರೆ.

ಹುಡುಗಿಯರಲ್ಲಿ ಸುಮಾರು 12ರ ಹೊತ್ತಿಗೆ, ಹುಡುಗರಲ್ಲಿ ಸುಮಾರು 14ರ ಹೊತ್ತಿಗೆ ಎತ್ತರ ತುಂಬಾ ಬೇಗ ಏರುವ ಕಾಲ ಬರುತ್ತದೆ. ಕೆಲವರಿಗೆ ಒಂದೆರಡು ವರ್ಷ ಹಿಂದೆ ಮುಂದೆ ಆಗಬಹುದು. ಆ ಕಾಲದಲ್ಲಿ ವರ್ಷಕ್ಕೆ 8ರಿಂದ 10 ಸೆಂಟಿಮೀಟರ್ ಬೆಳೆಯುವುದು ಮಾಮೂಲು. ಕಾಲಿನ ಮೂಳೆ ಉದ್ದವಾದಂತೆ ಸ್ನಾಯುವಿನ ಎಳೆತ ಹೆಚ್ಚುತ್ತದೆ. ಸ್ನಾಯು ಮೂಳೆಗೆ ಅಂಟಿಕೊಳ್ಳುವ ಕಡೆ ಇನ್ನೂ ಗಟ್ಟಿಯಾಗದ ಮೆದು ಮೂಳೆ ಇರುತ್ತದೆ. ದೊಡ್ಡವರಲ್ಲಿ ಮೊದಲು ಸೋಲುವುದು ಸ್ನಾಯು. ಮಕ್ಕಳಲ್ಲಿ ಮೊದಲು ಸೋಲುವುದು ಆ ಮೆದು ಮೂಳೆಯೇ ಆಗಿರಬಹುದು.

ಸ್ಪ್ರಿಂಟ್ ಮಾಡುವ ಮಕ್ಕಳಲ್ಲಿ ಈ ಜಾಗಗಳು ನಾಲ್ಕು. ಹಿಮ್ಮಡಿಯ ಹಿಂಭಾಗ, ಮಂಡಿಚಿಪ್ಪಿನ ಕೆಳಗಿನ ಉಬ್ಬು, ಸೊಂಟದ ಮುಂಭಾಗದ ಮೂಳೆ, ಕೂತಾಗ ನೆಲಕ್ಕೆ ಒತ್ತುವ ಪಿರ್ರೆಯ ಮೂಳೆ. ಹಿಮ್ಮಡಿಯ ತೊಂದರೆಗೆ ಡಾಕ್ಟರು ಸೀವರ್ಸ್ ಅನ್ನುತ್ತಾರೆ, ಮಂಡಿಯದಕ್ಕೆ ಆಸ್‌ಗುಡ್-ಶ್ಲ್ಯಾಟರ್. ಹೆಸರು ನೆನಪಿಲ್ಲದಿದ್ದರೂ ಪರವಾಗಿಲ್ಲ, ಜಾಗ ನೆನಪಿರಲಿ.

ಇನ್ನೊಂದು ವಿಷಯ. ಬೇಗ ಎತ್ತರವಾದ ಮಕ್ಕಳಿಗೆ ತಮ್ಮ ಕಾಲಿನ ಅಳತೆಯೇ ಸ್ವಲ್ಪ ದಿನ ತಪ್ಪಿರುತ್ತದೆ. ಹೋದ ವರ್ಷ ಸಲೀಸಾಗಿ ಮಾಡುತ್ತಿದ್ದ ಸ್ಕಿಪ್, ಅಂದರೆ ಒಂದೊಂದು ಕಾಲಲ್ಲಿ ಸಣ್ಣದಾಗಿ ನೆಗೆಯುತ್ತಾ ಮುಂದೆ ಹೋಗುವುದು, ಈ ವರ್ಷ ಎಡವಟ್ಟಾಗುತ್ತದೆ. ಅದನ್ನು ಸೋಮಾರಿತನ ಅಂದುಕೊಂಡು ಬೈಯಬೇಡಿ.

ಒಂದು ಪೂರ್ತಿ ವಾರ್ಮ್ ಅಪ್ ಹಂತ ಹಂತವಾಗಿ ಹೇಳ್ತೀರಾ?

ಒಬ್ಬ ಹುಡುಗನನ್ನು ಎದುರಿಗೆ ಇಟ್ಟುಕೊಂಡು ಹೇಳುತ್ತೇನೆ. ವಯಸ್ಸು 14. ಆರು ತಿಂಗಳಲ್ಲಿ 5 ಸೆಂಟಿಮೀಟರ್ ಬೆಳೆದಿದ್ದಾನೆ. ಹೋದ ತಿಂಗಳು ಹಿಮ್ಮಡಿ ನೋಯುತ್ತಿತ್ತು, ಈಗ ಆರಾಮಾಗಿದೆ. ಇವತ್ತಿನ ಕೆಲಸ: ನಿಂತಲ್ಲಿಂದ ಶುರು ಮಾಡಿ 30 ಮೀಟರ್ ನಾಲ್ಕು ಸಲ, 60 ಮೀಟರ್ ಎರಡು ಸಲ.

ಶುರುವಿಗೆ ಮುಂಚೆ ಅರ್ಧ ನಿಮಿಷದ ಪರೀಕ್ಷೆ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಬೆರಳಲ್ಲಿ ಒತ್ತಿ ನೋಡಿಕೊಳ್ಳಲಿ. ಆಮೇಲೆ ಒಂದೊಂದೇ ಕಾಲಿನಲ್ಲಿ ಮೂರು ಸಲ ಸಣ್ಣದಾಗಿ ಕುಪ್ಪಳಿಸಲಿ. ಮುಖ ಕಿವುಚಿದರೆ ಅವತ್ತು ಸ್ಪ್ರಿಂಟ್ ಇಲ್ಲ. "ನೋವಿದೆಯಾ" ಅಂತ ಕೇಳಿದರೆ ಈ ವಯಸ್ಸಿನವರು ಇಲ್ಲ ಅಂತಲೇ ಹೇಳುತ್ತಾರೆ. ಅದಕ್ಕೇ ಕೇಳುವುದಕ್ಕಿಂತ ನೋಡುವುದು ಮೇಲು.

*ಮೊದಲ ಹಂತ, ಸುಮಾರು 5 ನಿಮಿಷ: ಮೈ ಬಿಸಿ.* ಎರಡು ನಿಮಿಷ ನಿಧಾನ ಜಾಗಿಂಗ್. ಆಮೇಲೆ 20 ಮೀಟರ್ ಜಾಗದಲ್ಲಿ ಅಡ್ಡಡ್ಡ ಓಟ, ಹಿಮ್ಮುಖ ಓಟ, ಕೈ ಬೀಸಿಕೊಂಡು ಸ್ಕಿಪ್ಪಿಂಗ್, ಒಂದರ ಹಿಂದೆ ಒಂದು. ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಉಸಿರಿರಬೇಕು. ಕೊನೆಗೆ ಹಣೆ ತೇವವಾಗಲು ಶುರುವಾದರೆ ಸರಿಯಾಗಿದೆ ಅಂತ ಲೆಕ್ಕ.

*ಎರಡನೇ ಹಂತ, ಸುಮಾರು 6 ನಿಮಿಷ: ಕೀಲುಗಳು.* ಪಾದದ ಕೀಲಿನಿಂದ ಶುರು. ಗೋಡೆ ಅಥವಾ ಕಂಬಕ್ಕೆ ಮುಖ ಮಾಡಿ ಒಂದು ಕಾಲು ಮುಂದಿಟ್ಟು, ಹಿಮ್ಮಡಿ ಏಳದ ಹಾಗೆ ಮಂಡಿಯನ್ನು ಗೋಡೆಗೆ ತಾಗಿಸುವುದು, ಕಾಲಿಗೆ 10 ಸಲ. ಈ ಕೀಲು ಬಗ್ಗದಿದ್ದರೆ ಪಾದ ಒಳಕ್ಕೆ ಮಡಚಿಕೊಂಡು ಮಂಡಿಯೂ ಅದರ ಜೊತೆ ಹೋಗುತ್ತದೆ. ನಂತರ ಕಂಬ ಹಿಡಿದು ಕಾಲು ಬೀಸುವುದು, ಹಿಂದೆ ಮುಂದೆ 10, ಅಡ್ಡಕ್ಕೆ 10. ಮೊದಲ ಮೂರು ಬೀಸು ಸಣ್ಣದು, ಆಮೇಲೆ ತಾನಾಗಿ ದೊಡ್ಡದಾಗಲಿ, ಒದೆಯುವುದು ಬೇಡ. ಬಳಿಕ ನಡೆಯುತ್ತಾ ಲಂಜ್, ಅಂದರೆ ದೊಡ್ಡ ಹೆಜ್ಜೆ ಇಟ್ಟು ಮುಂದಿನ ಮಂಡಿ ಬಗ್ಗಿಸಿ ಕೆಳಗಿಳಿಯುವುದು, ಕಾಲಿಗೆ 5. ಹಿಂದಿನ ಕಾಲಿನ ಪಿರ್ರೆ ಬಿಗಿಮಾಡಿ, ಅದೇ ಕಡೆಯ ಕೈ ಮೇಲೆತ್ತಿದರೆ ಸೊಂಟದ ಮುಂಭಾಗ ಬಿಡಿಸಿಕೊಳ್ಳುವುದು ಗೊತ್ತಾಗುತ್ತದೆ. ಕೊನೆಗೆ ಬೆನ್ನ ಮೇಲೆ ಮಲಗಿ, ಒಂದೇ ಕಾಲೂರಿ ಸೊಂಟ ಎತ್ತುವ ಬ್ರಿಜ್, ಕಾಲಿಗೆ 8. ಈ ಹುಡುಗನಿಗೆ ಇದು ಬೆನ್ನಿಗೆ ಬಿಗಿಯಾಗುತ್ತಿದೆಯೋ ಪಿರ್ರೆಗೋ ಅಂತ ಕೇಳಿ. ಬೆನ್ನು ಅಂದರೆ ಸೊಂಟವನ್ನು ಸ್ವಲ್ಪ ಕಡಿಮೆ ಎತ್ತಲಿ.

*ಮೂರನೇ ಹಂತ, ಸುಮಾರು 5 ನಿಮಿಷ: ಓಟದ ತುಣುಕುಗಳು.* ಮಂಡಿ ಸೊಂಟದೆತ್ತರ ತಂದು ನಡೆಯುವ ಎ-ಮಾರ್ಚ್ 15 ಮೀಟರ್ ಎರಡು ಸಲ. ಅದೇ ಚಲನೆ ಸಣ್ಣ ನೆಗೆತದ ಜೊತೆ ಎ-ಸ್ಕಿಪ್, 20 ಮೀಟರ್ ಎರಡು ಸಲ. ಮಂಡಿ ಹೆಚ್ಚು ಮಡಚದೆ, ನೆಲವನ್ನು ಹಿಂದಕ್ಕೆ ಗೀರುತ್ತಾ ಓಡುವ ನೇರಗಾಲಿನ ಓಟ, 20 ಮೀಟರ್ ಎರಡು ಸಲ. ಹ್ಯಾಮ್‌ಸ್ಟ್ರಿಂಗ್‌ಗೆ ತನ್ನ ಕೆಲಸ ನೆನಪಾಗುವುದು ಈ ಕೊನೆಯದರಲ್ಲಿ. ಉಳಿದವರಿಗೆ ಮಂಡಿ ಬಗ್ಗಿಸದೆ ಪಾದದಿಂದಲೇ ಪುಟಿಯುವ ಪೋಗೋ ಜಂಪ್ 10, ಎರಡು ಸಲ. ನಮ್ಮ ಹುಡುಗನಿಗೆ ಎರಡೂ ಕಾಲಲ್ಲಿ, ಹುಲ್ಲಿನ ಮೇಲೆ, ತಗ್ಗಾಗಿ 8, ಒಂದೇ ಸಲ. ಪುಟಿಯುವಾಗ ಸದ್ದು ಕೇಳಿ. "ಟಪ್ ಟಪ್" ಅಂತ ಚುಟುಕಾಗಿದ್ದರೆ ಸರಿ. ಹಿಮ್ಮಡಿ ಬಡಿದು "ಧಬ್" ಅಂದರೆ ಅಲ್ಲಿಗೇ ನಿಲ್ಲಿಸಿ.

*ನಾಲ್ಕನೇ ಹಂತ, ಸುಮಾರು 7 ನಿಮಿಷ: ವೇಗ ಏರಿಸುವ ಓಟಗಳು.* 40 ಮೀಟರ್ ನಾಲ್ಕು ಸಲ. ಪೂರ್ತಿ ವೇಗದ ಶೇಕಡಾ 60, 70, 80, 90. ಪ್ರತಿ ಸಲ ನಡೆದುಕೊಂಡು ವಾಪಸ್. 80 ಮತ್ತು 90ರ ನಡುವೆ ಒಂದೂವರೆ ನಿಮಿಷ ಬಿಡುವು. ಸ್ಪೈಕ್ಸ್ ಹಾಕಿಕೊಳ್ಳುವುದಿದ್ದರೆ 80ರ ಓಟಕ್ಕೆ ಮುಂಚೆ. ಹೊಸ ಶೂನ ಹಿಡಿತ ಪೂರ್ತಿ ವೇಗದಲ್ಲೇ ಮೊದಲ ಸಲ ಸಿಗುವುದು ಒಳ್ಳೆಯದಲ್ಲ, ಅದರಲ್ಲೂ ಸ್ಪೈಕ್ಸ್‌ನಲ್ಲಿ ಹಿಮ್ಮಡಿ ತಗ್ಗಿರುವುದರಿಂದ ಮೀನಖಂಡದ ಮೇಲೆ ಎಳೆತ ಜಾಸ್ತಿ. ಹಿಮ್ಮಡಿ ನೋವು ಇತ್ತೀಚಿನದಾದ್ದರಿಂದ ಈ ಹುಡುಗನಿಗೆ ಇವತ್ತು ಸ್ಪೈಕ್ಸ್ ಬೇಡವೇ ಬೇಡ.

ಕೊನೆಯ ಓಟದ ನಂತರ ಮೂರು ನಿಮಿಷ ಸುಮ್ನೆ ಓಡಾಡಲಿ. ಆಮೇಲೆ ಮೊದಲ 30.

ಶೇಕಡಾ 70 ಅಂದರೆ ಮಕ್ಕಳಿಗೆ ಹೇಗೆ ಗೊತ್ತಾಗುತ್ತೆ?

ಗೊತ್ತಾಗುವುದಿಲ್ಲ. ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ 60ರಲ್ಲಿ ಓಡಿ ಅಂದರೆ ಹತ್ತು ಮೀಟರ್ ದಾಟುವಷ್ಟರಲ್ಲಿ ಅದು ರೇಸ್ ಆಗಿರುತ್ತದೆ. ಆದ್ದರಿಂದ ಈ ಓಟಗಳಿಗೆ ಒಬ್ಬೊಬ್ಬರನ್ನೇ ಬಿಡಿ, ನಡುವೆ ಐದಾರು ಸೆಕೆಂಡ್ ಅಂತರ ಇರಲಿ.

ಸ್ಟಾಪ್‌ವಾಚ್ ಇದ್ದರೆ ಕೆಲಸ ಸುಲಭ. ನಿಂತಲ್ಲಿಂದ 40 ಮೀಟರ್‌ಗೆ ಅವನ ಒಳ್ಳೆಯ ಸಮಯ 6 ಸೆಕೆಂಡ್ ಅಂತಿಟ್ಟುಕೊಳ್ಳಿ. ಅದನ್ನು 0.6ರಿಂದ ಭಾಗಿಸಿದರೆ 10 ಸೆಕೆಂಡ್, ಇದು ಶೇಕಡಾ 60ರ ಓಟ. ಹೀಗೇ 70ಕ್ಕೆ 8.6, 80ಕ್ಕೆ 7.5, 90ಕ್ಕೆ 6.7 ಸೆಕೆಂಡ್. ಕೈಯಲ್ಲಿ ಒತ್ತುವ ವಾಚ್ ಅಷ್ಟು ನಿಖರವಲ್ಲ, ಇಲ್ಲಿ ನಿಖರತೆ ಬೇಕಾಗಿಯೂ ಇಲ್ಲ. ಮೊದಲ ಓಟವನ್ನೇ 7 ಸೆಕೆಂಡಿನಲ್ಲಿ ಮುಗಿಸಿದನಾ ಅಂತ ತಿಳಿದರೆ ಸಾಕು. ಮುಗಿಸಿದ್ದರೆ ಎರಡು ಮೆಟ್ಟಿಲು ಹಾರಿದ್ದಾನೆ, ವಾಪಸ್ ಕರೆದು ನಿಧಾನವಾಗಿ ಇನ್ನೊಮ್ಮೆ ಓಡಿಸಿ. ಎರಡು ಮೂರು ವಾರದಲ್ಲಿ ವಾಚ್ ಇಲ್ಲದೆಯೇ ಅವರಿಗೆ ಅಂದಾಜು ಕೂರುತ್ತದೆ.

ವಾಚ್ ಇಲ್ಲದಿದ್ದರೆ ಮುಖ ನೋಡಿ. 80ರವರೆಗೂ ದವಡೆ, ಕೆನ್ನೆ, ಭುಜ ಸಡಿಲವಾಗಿರಬೇಕು. ಹಲ್ಲು ಕಚ್ಚಿದ್ದರೆ ಅವನು ಆಗಲೇ 95ರಲ್ಲಿದ್ದಾನೆ.

ಕಾಲು ಚಾಚಿ ಹಿಡಿದು ನಿಲ್ಲುವ ಸ್ಟ್ರೆಚ್ ಮಾಡಿಸಬೇಕಾ, ಬೇಡವಾ?

ಇದರ ಬಗ್ಗೆ ಎರಡೂ ಕಡೆ ಅತಿಯಾಗಿ ಮಾತಾಡುತ್ತಾರೆ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಚಾಚಿ ಹಿಡಿದು ತಕ್ಷಣ ಓಡಿದರೆ ಸ್ಫೋಟಕ ಶಕ್ತಿ ಸ್ವಲ್ಪ ಹೊತ್ತು ಕುಗ್ಗುತ್ತದೆ ಅನ್ನುವುದು ನಿಜ. ಆದರೆ 20-30 ಸೆಕೆಂಡಿನ ಸಣ್ಣ ಸ್ಟ್ರೆಚ್ ಮಾಡಿ, ಆಮೇಲೆ ಮೂರು ಮತ್ತು ನಾಲ್ಕನೇ ಹಂತ ಪೂರ್ತಿ ಮಾಡಿದರೆ ಅದರ ಪರಿಣಾಮ ಲೆಕ್ಕಕ್ಕೆ ಬರುವಷ್ಟು ಉಳಿಯುವುದಿಲ್ಲ.

ಹಾಗಾಗಿ ಸೊಂಟದ ಮುಂಭಾಗ ಅಥವಾ ಮೀನಖಂಡ ತುಂಬಾ ಬಿಗಿ ಇರುವ ಮಗುವಿಗೆ ಎರಡನೇ ಹಂತದಲ್ಲಿ ಒಂದು ಸಣ್ಣ ಸ್ಟ್ರೆಚ್ ಸೇರಿಸಿದರೆ ತಪ್ಪೇನಿಲ್ಲ. ಎಲ್ಲರನ್ನೂ ವೃತ್ತದಲ್ಲಿ ಕೂರಿಸಿ ಹತ್ತು ನಿಮಿಷ ಕಾಲ್ಬೆರಳು ಮುಟ್ಟಿಸುವುದು ಬೇಡ. ಅಷ್ಟರಲ್ಲಿ ಮೊದಲ ಹಂತದ ಬಿಸಿ ಆರಿಹೋಗುತ್ತದೆ. ಉದ್ದ ಸ್ಟ್ರೆಚ್ ಬೇಕಿದ್ದರೆ ತರಬೇತಿ ಮುಗಿದ ಮೇಲೆ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಮಂಡಿ ಕೆಳಗಿನ ಉಬ್ಬು ನೋಯುತ್ತಿರುವ ಮಗುವಿಗೆ ಹಿಮ್ಮಡಿಯನ್ನು ಪಿರ್ರೆಗೆ ತಾಗಿಸಿ ತೊಡೆ ಎಳೆಸಬೇಡಿ. ಆ ಎಳೆತ ನೇರವಾಗಿ ನೋಯುವ ಜಾಗಕ್ಕೇ ಹೋಗುತ್ತದೆ.

ವಾರ್ಮ್ ಅಪ್ ಮಾಡುವಾಗಲೇ ನೋವು ಬಂದರೆ?

ಬಿಗಿತವೋ ನೋವೋ ಅಂತ ಮೊದಲು ನೋಡಿ. ಬಿಗಿತ ಎರಡನೇ ಹಂತ ಮುಗಿಯುವಷ್ಟರಲ್ಲಿ ಕಡಿಮೆಯಾಗುತ್ತದೆ, ಎರಡೂ ಕಾಲಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನೋವು ಒಂದು ಕಡೆ ಇರುತ್ತದೆ, ಬೆರಳಿಟ್ಟು ತೋರಿಸಬಹುದು, ಹಂತ ಏರಿದಂತೆ ಅದೂ ಏರುತ್ತದೆ. ಏರುವ ನೋವಿಗೆ ಅವತ್ತಿನ ಸ್ಪ್ರಿಂಟ್ ನಿಲ್ಲಿಸಬೇಕು. ಕುಂಟು ನಡಿಗೆ ಕಂಡರೆ ಚರ್ಚೆಯೇ ಬೇಡ.

ಬಿಸಿಯಾದ ಮೇಲೆ ನೋವು ಮಾಯವಾಗಿ, ಮರುದಿನ ಬೆಳಗ್ಗೆ ಮೊದಲ ಹೆಜ್ಜೆಗಳಲ್ಲಿ ವಾಪಸ್ ಬರುವುದೂ ಉಂಟು. ವಾರ್ಮ್ ಅಪ್ ಅದನ್ನು ಗುಣ ಮಾಡಿಲ್ಲ, ಮುಚ್ಚಿಟ್ಟಿದೆ. ಹಾಗಾದರೆ ಮುಂದಿನ ಸಲ ನೆಗೆತವನ್ನೂ ಸ್ಪ್ರಿಂಟ್ ಸಂಖ್ಯೆಯನ್ನೂ ಇಳಿಸಿ.

ಓಡುತ್ತಿರುವಾಗ "ಪಟ್" ಅನ್ನಿಸಿ ಪಿರ್ರೆಯ ಕೆಳಗೋ ಸೊಂಟದ ಮುಂದೋ ತೀವ್ರ ನೋವು ಬಂದರೆ ಅದನ್ನು ಸ್ನಾಯು ಹಿಡಿದುಕೊಂಡಿದೆ ಅಂತ ಭಾವಿಸಿ ತಿಕ್ಕಬೇಡಿ, ಎಳೆಯಬೇಡಿ. ಸ್ನಾಯು ತನ್ನ ಜೊತೆ ಮೂಳೆಯ ಚೂರನ್ನೇ ಕಿತ್ತುಕೊಂಡಿರಬಹುದು. ಈ ವಯಸ್ಸಿನಲ್ಲಿ ಅದು ಆಗುತ್ತದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎಕ್ಸ್-ರೇ ಬೇಕಾಗಬಹುದು.

ಸ್ಪರ್ಧೆಯಲ್ಲಿ ವಾರ್ಮ್ ಅಪ್ ಮುಗಿಸಿ ಅರ್ಧ ಗಂಟೆ ಕಾಯಬೇಕಾಗುತ್ತೆ. ಆಗ?

ಸುಮ್ಮನೆ ಕೂತರೆ ಹದಿನೈದು ನಿಮಿಷದಲ್ಲೇ ಸ್ನಾಯುವಿನ ಶಾಖ ಸಾಕಷ್ಟು ಇಳಿದಿರುತ್ತದೆ. ಟ್ರ್ಯಾಕ್ ಪ್ಯಾಂಟ್, ಮೇಲಂಗಿ ತೆಗೆಯದೆ ಇರಲಿ. ಐದಾರು ನಿಮಿಷಕ್ಕೊಮ್ಮೆ ಎದ್ದು ಸ್ವಲ್ಪ ಓಡಾಡಿ, ನಾಲ್ಕೈದು ಕಾಲು ಬೀಸು, ಕೆಲವು ಎ-ಸ್ಕಿಪ್ ಮಾಡಲಿ. ಕರೆಯುವುದಕ್ಕೆ ಸ್ವಲ್ಪ ಮುಂಚೆ ಜಾಗ ಸಿಕ್ಕರೆ 15-20 ಮೀಟರ್‌ನ ಒಂದೆರಡು ಚುರುಕಾದ ಓಟ. ಪೂರ್ತಿ ವಾರ್ಮ್ ಅಪ್ ಮತ್ತೆ ಮಾಡಿಸಬೇಡಿ, ರೇಸ್‌ಗೆ ಇಟ್ಟುಕೊಂಡ ಶಕ್ತಿ ಅಲ್ಲೇ ಖರ್ಚಾಗುತ್ತದೆ.

ಚಳಿ ಇದ್ದರೆ, ಬಿಸಿಲಿದ್ದರೆ?

ಚಳಿಯಲ್ಲಿ ಮೊದಲ ಹಂತಕ್ಕೆ ಮೂರು ನಾಲ್ಕು ನಿಮಿಷ ಸೇರಿಸಿ, ಬಟ್ಟೆಯನ್ನು 80ರ ಓಟದವರೆಗೂ ತೆಗೆಸಬೇಡಿ. ಬಿಸಿಲಲ್ಲಿ ಮೊದಲ ಹಂತವನ್ನು ಮೂರು ನಿಮಿಷಕ್ಕೆ ಇಳಿಸಿ, ನೆರಳಲ್ಲಿ ಮಾಡಿಸಿ. ಮೈ ಬೆವರಿದೆ ಅಂತ ಕೊನೆಯ ಹಂತ ಬಿಡಬೇಡಿ. ಬಿಸಿಲು ಚರ್ಮವನ್ನು ಬೆವರಿಸಬಹುದು, ಹ್ಯಾಮ್‌ಸ್ಟ್ರಿಂಗ್‌ಗೆ ಬ್ರೇಕ್ ಹಾಕುವುದನ್ನು ಅಭ್ಯಾಸ ಮಾಡಿಸುವುದಿಲ್ಲ.

ನಮಗೆ ಸಿಗುವುದೇ 12 ನಿಮಿಷ. ಏನು ಬಿಡಲಿ?

ಮೊದಲ ಹಂತ 3 ನಿಮಿಷ, ಅದರಲ್ಲಿ ಜಾಗಿಂಗ್ ಬದಲು ನೇರವಾಗಿ ಸ್ಕಿಪ್ಪಿಂಗ್ ಮತ್ತು ಅಡ್ಡ ಓಟ. ಎರಡನೆಯದರಲ್ಲಿ ಕಾಲು ಬೀಸು ಮತ್ತು ಲಂಜ್ ಮಾತ್ರ, 2 ನಿಮಿಷ. ಮೂರನೆಯದರಲ್ಲಿ ಎ-ಸ್ಕಿಪ್ ಮತ್ತು ನೇರಗಾಲಿನ ಓಟ ಒಂದೊಂದು ಸಲ, 2 ನಿಮಿಷ. ಉಳಿದ 5 ನಿಮಿಷವೂ ವೇಗ ಏರಿಸುವ ಓಟಗಳಿಗೆ. ಸಮಯ ಕಡಿಮೆಯಾದಾಗ ಎಲ್ಲರೂ ಕತ್ತರಿಸುವುದು ಇದೇ ಕೊನೆಯದನ್ನು. ನನ್ನ ಕೇಳಿದರೆ ಕೈ ಹಾಕಬಾರದ್ದು ಅದೊಂದಕ್ಕೇ. ಸಮಯ ಇನ್ನೂ ಕಡಿಮೆ ಇದ್ದರೆ ಅವತ್ತಿನ ಸ್ಪ್ರಿಂಟ್‌ಗಳನ್ನೇ ಕಡಿಮೆ ಮಾಡಿ.

ವಾರ್ಮ್ ಅಪ್ ಸಾಕಾಯಿತಾ, ಜಾಸ್ತಿಯಾಯಿತಾ ಅಂತ ತಿಳಿಯುವುದು ಹೇಗೆ?

ದಿನದ ಸ್ಪ್ರಿಂಟ್ ಸಮಯಗಳನ್ನು ಬರೆದಿಡಿ. ನಮ್ಮ ಹುಡುಗನ ನಾಲ್ಕು 30 ಮೀಟರ್ 4.9, 4.8, 4.7, 4.7 ಸೆಕೆಂಡ್ ಬಂತು ಅನ್ನಿ. ಮೂರನೆಯ ಓಟಕ್ಕೆ ಅವನು ತಯಾರಾದ ಹಾಗೆ ಕಾಣುತ್ತದೆ, ಅಂದರೆ ಮೊದಲ ಎರಡು ಸ್ಪ್ರಿಂಟ್ ವಾರ್ಮ್ ಅಪ್‌ನ ಕೆಲಸ ಮಾಡಿವೆ. ಮುಂದಿನ ಸಲ 90ರ ಓಟ ಇನ್ನೊಂದು ಸೇರಿಸಿ. ಉಲ್ಟಾ, 4.7ರಿಂದ ಶುರುವಾಗಿ ಎರಡನೆಯದರಿಂದಲೇ 4.8, 4.9 ಅಂತ ಜಾರಿದರೆ ಮೊದಲು ಓಟಗಳ ನಡುವಿನ ಬಿಡುವು ನೋಡಿ. 30 ಮೀಟರ್‌ಗೆ ಎರಡು ಮೂರು ನಿಮಿಷ ಬಿಡುವು ಬೇಕು. ಬಿಡುವು ಸರಿಯಿದ್ದರೂ ಜಾರುತ್ತಿದ್ದರೆ ಮೂರನೇ ಹಂತದಲ್ಲಿ ಒಂದೊಂದು ಸುತ್ತು ಕಡಿಮೆ ಮಾಡಿ. ಒಂದು ದಿನದ ಅಂಕಿ ನೋಡಿ ತೀರ್ಮಾನಿಸಬೇಡಿ. ಕೈ ವಾಚ್‌ನಲ್ಲಿ 0.1 ಸೆಕೆಂಡ್ ಆಚೀಚೆ ಆಗುವುದು ಸಹಜ, ಹಾಗಾಗಿ ಮೂರು ನಾಲ್ಕು ದಿನ ಒಂದೇ ಥರ ಕಂಡರೆ ಮಾತ್ರ ಬದಲಿಸಿ.

ಪ್ರತಿ ದಿನ ಇದೇ ವಾರ್ಮ್ ಅಪ್ ಮಾಡಿಸಬಹುದಾ?

ಮೊದಲ ಎರಡು ಹಂತ ಅದೇ ಇರಲಿ. ದಿನಾ ಒಂದೇ ಚಲನೆ ಮಾಡಿಸಿದರೆ ಇವತ್ತು ಯಾವ ಮಗು ಬೇರೆ ಥರ ಮಾಡುತ್ತಿದೆ ಅನ್ನುವುದು ತಕ್ಷಣ ಕಣ್ಣಿಗೆ ಬೀಳುತ್ತದೆ. ನಿನ್ನೆವರೆಗೆ ಗೋಡೆಗೆ ಮಂಡಿ ತಾಗಿಸುತ್ತಿದ್ದವಳಿಗೆ ಇವತ್ತು ಎಡಗಾಲಲ್ಲಿ ಆಗುತ್ತಿಲ್ಲ ಅಂದರೆ ಕೇಳಬೇಕಾದ ವಿಷಯ ಇದೆ.

ಕೊನೆಯ ಹಂತ ಮಾತ್ರ ದಿನದ ಕೆಲಸ ನೋಡಿ ಬದಲಾಗಬೇಕು. ಶುರುವಿನ ಓಟಗಳ ದಿನ, ಅಂದರೆ 20-30 ಮೀಟರ್ ಮಾಡುವ ದಿನ, ವೇಗ ಏರಿಸುವ ಎರಡು ಓಟಗಳ ಬದಲು ಮುಂದಕ್ಕೆ ವಾಲಿ ಶುರು ಮಾಡುವ 10 ಮೀಟರ್ ಓಟ ಎರಡು ಮೂರು ಹಾಕಿ. ಪೂರ್ತಿ ವೇಗದ 60 ಮೀಟರ್ ದಿನ ವೇಗ ಏರಿಸುವ ಓಟವನ್ನು 50-60 ಮೀಟರ್‌ಗೆ ಉದ್ದ ಮಾಡಿ, ನೇರಗಾಲಿನ ಓಟ ಇನ್ನೊಂದು ಸಲ ಸೇರಿಸಿ, ಯಾಕೆಂದರೆ ಹ್ಯಾಮ್‌ಸ್ಟ್ರಿಂಗ್‌ಗೆ ದೊಡ್ಡ ಬೀಸು ಬರುವುದು ಅವತ್ತೇ. ಎರಡೂ ಇರುವ ದಿನ, ನಮ್ಮ ಹುಡುಗನ ಇವತ್ತಿನ ಹಾಗೆ, 30 ಮೀಟರ್ ಮೊದಲು ಮುಗಿಸಿ, 60ಕ್ಕೆ ಹೋಗುವ ಮುಂಚೆ 90ರ ವೇಗದ ಒಂದು 50 ಮೀಟರ್ ನಡುವೆ ಹಾಕಿ.